ಬೆಲೆಭೇದದ ಎರಡು ದರ್ಜೆಗಳು

ಬೆಲೆಭೇದವನ್ನು ಪಿಗೂ ಎಂಬ ಅರ್ಥಶಾಸ್ತ್ರಜ್ಞನು 1920ರಲ್ಲಿ ಮೂರು ದರ್ಜೆಗಳಾಗಿ ವಿಂಗಡಿಸಿದನು. ಮೊದಲನೆಯದನ್ನೂ ಮೂರನೆಯದನ್ನೂ ಒಂದು ಕಲ್ಪಿತ ಲೆಕ್ಕದಿಂದ ತೂಗಿ ನೋಡಬಹುದು.

ಪ್ರಕಾಶಕನೊಬ್ಬನಿಗೆ ಗ್ರಂಥದ ಪ್ರತಿಯೊಂದಕ್ಕೆ 20 ರೂಪಾಯಿ ವೆಚ್ಚ. ಬೆಲೆ 100 ಆದರೆ ಗ್ರಂಥಾಲಯಗಳು ಕೊಳ್ಳವು; 60 ಆದರೆ ವಿದ್ಯಾರ್ಥಿಗಳು ಕೊಳ್ಳರು. ಅಲ್ಲಿಂದ ರೂಪಾಯಿಗೊಂದರಂತೆ ಮಾರಾಟ ಏರುತ್ತದೆ. ಎಲ್ಲರಿಗೂ ಒಂದೇ ಬೆಲೆಯಾದರೆ 50ರಂತೆ 60 ಪ್ರತಿ ಮಾರಿ 1800 ರೂಪಾಯಿ ಗಳಿಸುವುದೇ ಅವನ ಪರಮಾವಧಿ ಲಾಭ.

ಮೂರನೆಯ ದರ್ಜೆಯಲ್ಲಿ ಪೇಟೆಗಳನ್ನು ಬೇರ್ಪಡಿಸಿ, ಎರಡರಲ್ಲಿಯೂ ಕೊನೆಯ ಪ್ರತಿಯಿಂದ ಹೆಚ್ಚುವ ವರಮಾನ 20ಕ್ಕೆ ಇಳಿದೊಡನೆ ನಿಲ್ಲಿಸುತ್ತಾನೆ. ಗ್ರಂಥಾಲಯಗಳಿಗೆ 60ರಂತೆ 40 ಪ್ರತಿ. ಬೆಲೆಗೆ ಬೇಗ ಮಣಿಯುವ ವಿದ್ಯಾರ್ಥಿಗಳಿಗೆ 40ರಂತೆ 20 ಪ್ರತಿ. ಲಾಭ 1600ಕ್ಕೆ 400 ಕೂಡಿ 2000. ಪ್ರತಿಗಳು ಮಾತ್ರ ಅದೇ 60!

ಮೊದಲನೆಯ ದರ್ಜೆಯಲ್ಲಿ ಒಬ್ಬೊಬ್ಬನಿಂದಲೂ ಅವನು ಕೊಡಬಲ್ಲಷ್ಟನ್ನೂ ಪಡೆದರೆ ಸುಮಾರು 120 ಪ್ರತಿ ಮಾರಿ ಲಾಭವು 4000ದ ಸಮೀಪಕ್ಕೆ ಏರುತ್ತದೆ. ಆದರೆ ಕೊಳ್ಳುವವನು ತನ್ನ ಮನದ ಬೆಲೆಯನ್ನು ಹೇಳುವನೇ? ಮೂರನೆಯದಕ್ಕೆ ಬೇಲಿ ಸಾಕು. ವಿದ್ಯಾರ್ಥಿಯ ಪ್ರತಿ ಗ್ರಂಥಾಲಯದ ಕಪಾಟಿನಲ್ಲಿ ಕಂಡರೆ ಆ ಬೇಲಿ ಮುರಿದಂತೆಯೇ.