ಒಂದು ಸ್ಟಾರಿನ ದೂರಿಗೆ ಟೈಲರ್ ಅಂಗಡಿಯ ಉತ್ತರ

ದಾವಣಗೆರೆಯಂಥ ಊರಿನಲ್ಲಿ ಒಂದು ಲೇಡೀಸ್ ಟೈಲರ್ ಅಂಗಡಿ ಇದೆ ಎಂದುಕೊಳ್ಳಿ. ಕಟಿಂಗ್ ಮಾಡುವವರು ಒಡತಿ, ಹೊಲಿಯಲು ಇಬ್ಬರು ಹೆಂಗಸರು, ಎಲ್ಲದಕ್ಕೂ ಒಂದೇ ಫೋನು. ಮದುವೆ ಸೀಸನ್ ಬೇರೆ. ಸೋಮವಾರ ಬೆಳಿಗ್ಗೆ ನೋಡಿದರೆ ಗೂಗಲ್ ಮ್ಯಾಪ್‌ನಲ್ಲಿ ಗಿರಾಕಿಯೊಬ್ಬರು ಒಂದು ಸ್ಟಾರ್ ಕೊಟ್ಟು ಬರೆದಿದ್ದಾರೆ: “ಗುರುವಾರ ಕೊಡ್ತೀವಿ ಅಂದವರು ಶನಿವಾರ ರಾತ್ರಿ ಕೊಟ್ಟರು. ತೋಳು ಬಿಗಿ, ಕೈ ಎತ್ತೋಕೇ ಆಗಲ್ಲ. ಎಷ್ಟು ಸಲ ಫೋನ್ ಮಾಡಿದ್ರೂ ಎತ್ತಲಿಲ್ಲ. ತಂಗಿ ಮದುವೇಲಿ ಹಳೇ ಬ್ಲೌಸ್ ಹಾಕ್ಕೊಂಡೆ. ದುಡ್ಡು ತಗೊಂಡು ಮೋಸ ಮಾಡ್ತಾರೆ, ಯಾರೂ ಹೋಗಬೇಡಿ.”

ಇದು ಕಲ್ಪಿಸಿಕೊಂಡ ಪ್ರಸಂಗ. ಆದರೆ ಸಣ್ಣ ಅಂಗಡಿಗಳಿಗೆ ಬರುವ ಕಟು ರಿವ್ಯೂಗಳು ಹೆಚ್ಚು ಕಡಿಮೆ ಹೀಗೇ ಇರುತ್ತವೆ. ನಾಲ್ಕು ಮಾತು ನಡೆದದ್ದರ ವರದಿ, ಕೊನೆಯ ಒಂದು ಮಾತು ಸಿಟ್ಟು. ಒಡತಿಯ ಕಣ್ಣಿಗೆ ಮೊದಲು ಬೀಳುವುದು ಆ ಕೊನೆಯ ಮಾತೇ. ರಾತ್ರಿ ಹನ್ನೆರಡರ ತನಕ ಮೆಷಿನ್ ತುಳಿದವರಿಗೆ ‘ಮೋಸ’ ಎಂದರೆ ಹೊಟ್ಟೆಯೊಳಗೆ ಉರಿ ಏಳುವುದು ಸಹಜ. ಅಲ್ಲೇ ಕೈ ಉತ್ತರ ಬರೆಯಲು ಹೊರಡುತ್ತದೆ.

ಆಗ ಫೋನ್ ಕೆಳಗಿಟ್ಟು ಬಿಲ್ ಪುಸ್ತಕ ತೆಗೆಯಬೇಕು. ಇದು ಮನಸ್ಸು ತಣ್ಣಗಾಗಲಿ ಎಂದಷ್ಟೇ ಅಲ್ಲ. ಉತ್ತರಕ್ಕೆ ಬೇಕಾದ ಸರಕು ಇರುವುದೇ ಆ ಪುಸ್ತಕದಲ್ಲಿ. ಬಿಲ್ಲಿನಲ್ಲಿ ಗುರುವಾರದ ತಾರೀಖು ಬರೆದಿದೆ, ಕೊಟ್ಟದ್ದು ಶನಿವಾರ. ಹಾಗಾದರೆ ಮೊದಲ ಮಾತು ನಿಜ. ಫೋನಿನಲ್ಲಿ ಶುಕ್ರವಾರದ ಮಿಸ್ಡ್ ಕಾಲ್‌ಗಳು ಸಾಲಾಗಿ ಇವೆ, ಅದೂ ನಿಜ. ತೋಳಿನ ಅಳತೆಯನ್ನು ಮೈಮೇಲೆ ತೆಗೆದದ್ದಲ್ಲ, ಅವರೇ ತಂದ ಅಳತೆ ಬ್ಲೌಸಿನಿಂದ ತೆಗೆದದ್ದು. ಇಲ್ಲಿ ತಪ್ಪು ಯಾರದ್ದೆಂದು ಹೇಳುವುದು ಕಷ್ಟ. ಉಳಿದದ್ದು ‘ಮೋಸ’. ಅದು ಘಟನೆಯಲ್ಲ, ಅವರ ತೀರ್ಮಾನ. ಅದರ ಜೊತೆ ವಾದಕ್ಕೆ ನಿಂತರೆ ನಿಜವಾದ ಮೂರು ಮಾತುಗಳೂ ಮತ್ತೆ ಮೇಲೆದ್ದು ಬರುತ್ತವೆ.

ಸಿಟ್ಟಿನಲ್ಲಿ ಬರೆದಿದ್ದರೆ ಉತ್ತರ ಬಹುಶಃ ಹೀಗಿರುತ್ತಿತ್ತು: “ನೀವು ಹಳೇ ಅಳತೆ ಕೊಟ್ಟು ಈಗ ನಮ್ಮ ಮೇಲೆ ಹಾಕ್ತೀರಾ? ಎರಡು ವರ್ಷದಲ್ಲಿ ನಿಮ್ಮ ತೋಳು ಎಷ್ಟು ದಪ್ಪ ಆಗಿದೆ ನೋಡಿಕೊಳ್ಳಿ.” ಅಳತೆಯ ಮಾತು ನಿಜವೇ ಇರಬಹುದು. ಆದರೂ ಇದಕ್ಕಿಂತ ದುಬಾರಿ ವಾಕ್ಯ ಆ ಅಂಗಡಿಗೆ ಇನ್ನೊಂದಿಲ್ಲ. ಅಳತೆ ಪುಸ್ತಕದಲ್ಲಿರುವುದು ಹೆಂಗಸರ ಮೈಯ ವಿವರ. ಅದನ್ನು ಊರಿಗೆಲ್ಲ ಕಾಣುವಂತೆ ಬರೆಯುವ ಅಂಗಡಿಗೆ ಬೇರೆ ಯಾವ ಹೆಣ್ಣುಮಗಳು ಅಳತೆ ಕೊಡಲು ಬರುತ್ತಾಳೆ? ಗಿರಾಕಿಯ ಫೋನ್ ನಂಬರ್, ಮನೆ ವಿಳಾಸ, ಬಾಕಿ ದುಡ್ಡು, ಕ್ಲಿನಿಕ್ ಆದರೆ ಕಾಯಿಲೆ, ಇವು ಯಾವುವೂ ಸಾರ್ವಜನಿಕ ಉತ್ತರದಲ್ಲಿ ಬರಕೂಡದು. ಗಿರಾಕಿಯೇ ಬಾಯಿಬಿಟ್ಟು ಹೇಳಿಕೊಂಡಿದ್ದರೂ ನಾವು ಅದಕ್ಕೆ ಒಂದು ಅಕ್ಷರ ಸೇರಿಸಬಾರದು.

ಬರೆಯುವ ಮುಂಚೆ ಇನ್ನೊಂದು ಕೆಲಸವಿದೆ. ಗಿರಾಕಿ ಯಾರೆಂದು ಗೊತ್ತಿದ್ದರೆ ಒಮ್ಮೆ ಫೋನ್ ಮಾಡಿ ಅವರ ಮಾತು ಪೂರ್ತಿ ಕೇಳಬೇಕು. ರಿವ್ಯೂ ತೆಗೆಯಿರಿ ಎಂದು ಆಗ ಕೇಳಲೇಬಾರದು. ದುಡ್ಡು ವಾಪಸ್ ಕೊಡುವುದಿದ್ದರೆ ಆ ಮಾತೂ ಫೋನಿನಲ್ಲೇ ಆಗಲಿ. ‘ರಿವ್ಯೂ ಅಳಿಸಿದರೆ ಮಜೂರಿ ವಾಪಸ್’ ಎಂಬ ಷರತ್ತು ಮಾತ್ರ ಬೇಡ. ರಿವ್ಯೂ ಬದಲಿಸಲು ಅಥವಾ ಅಳಿಸಲು ದುಡ್ಡು, ರಿಯಾಯಿತಿ, ಉಡುಗೊರೆ ಕೊಡುವುದನ್ನು ಗೂಗಲ್‌ನ ನಿಯಮ ಒಪ್ಪುವುದಿಲ್ಲ. ಅದೂ ಅಲ್ಲದೆ, ಆ ಮೆಸೇಜಿನ ಫೋಟೋ ಮರುದಿನ ಅದೇ ರಿವ್ಯೂ ಜೊತೆಗೆ ಬಂದು ಕುಳಿತರೆ ಅಂಗಡಿಯವರು ಏನು ಹೇಳಿದರೂ ಯಾರೂ ನಂಬುವುದಿಲ್ಲ.

ಒಂದೆರಡು ದಿನದೊಳಗೆ ಬರೆಯುವ ಉತ್ತರ ಹೀಗಿರಬಹುದು:

“ನಮಸ್ಕಾರ ಮೇಡಂ. ಗುರುವಾರ ಕೊಡುತ್ತೇವೆ ಎಂದು ಶನಿವಾರ ರಾತ್ರಿ ಕೊಟ್ಟದ್ದು ನಮ್ಮ ತಪ್ಪು. ತೋಳು ಬಿಗಿಯಾದದ್ದನ್ನು ಸರಿಮಾಡಿಸಿಕೊಳ್ಳಲು ಅದರಿಂದ ನಿಮಗೆ ಸಮಯವೇ ಸಿಗಲಿಲ್ಲ. ಶುಕ್ರವಾರ ನೀವು ಮಾಡಿದ ಫೋನನ್ನೂ ನಾವು ಎತ್ತಲಿಲ್ಲ. ತಂಗಿಯ ಮದುವೆಯ ದಿನ ಹೀಗಾದದ್ದಕ್ಕೆ ಕ್ಷಮಿಸಿ. ತೋಳಿನ ಒಳಗೆ ಬಟ್ಟೆ ಬಿಟ್ಟಿದೆ, ಹೊಲಿಗೆ ಬಿಚ್ಚಿ ಸಡಿಲ ಮಾಡಲು ಬರುತ್ತದೆ. ಯಾವ ದಿನ ತಂದರೂ ಎದುರಿಗೇ ಮಾಡಿಕೊಡುತ್ತೇವೆ, ಅದಕ್ಕೆ ದುಡ್ಡಿಲ್ಲ. ಈ ವಾರದಿಂದ ಮದುವೆ ಬ್ಲೌಸ್‌ಗಳಿಗೆ ನಾಲ್ಕು ದಿನ ಮೊದಲೇ ಟ್ರಯಲ್ ಇಟ್ಟಿದ್ದೇವೆ. ಸಂಜೆ 5ರಿಂದ 6ರವರೆಗೆ ಫೋನಿಗೆಂದೇ ಒಬ್ಬರು ಇರುತ್ತಾರೆ. – ಅಂಗಡಿಯ ಒಡತಿ.”

ಇದನ್ನು ಓದುವವರು ಇಬ್ಬರು. ಒಬ್ಬರು ರಿವ್ಯೂ ಬರೆದವರು. ಉತ್ತರ ಬಂದಿದೆ ಎಂದು ಅವರಿಗೆ ಸೂಚನೆ ಹೋಗುತ್ತದೆ, ಮನಸ್ಸು ಬದಲಾದರೆ ರಿವ್ಯೂವನ್ನು ಅವರೇ ತಿದ್ದಬಹುದು. ಆದರೆ ಅವರು ಬದಲಾಗದೆಯೂ ಇರಬಹುದು. ಇನ್ನೊಬ್ಬರು, ಮುಂದಿನ ತಿಂಗಳು ಮಗಳ ಮದುವೆ ಇಟ್ಟುಕೊಂಡು ಟೈಲರ್ ಹುಡುಕುತ್ತಿರುವ ಒಬ್ಬ ತಾಯಿ. ಉತ್ತರ ಮುಖ್ಯವಾಗಿ ಆ ತಾಯಿಗಾಗಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಿಂದಿನ ಜಗಳದಲ್ಲಿ ಯಾರು ಗೆದ್ದರೆಂಬುದು ಆಕೆಗೆ ಬೇಕಿಲ್ಲ. ತನ್ನ ಬ್ಲೌಸ್ ಹೇಳಿದ ದಿನಕ್ಕೆ ಬರುತ್ತದೆಯೇ, ಬಿಗಿಯಾದರೆ ಏನು ಮಾಡುತ್ತಾರೆ, ಫೋನ್ ಎತ್ತುತ್ತಾರೆಯೇ ಎಂಬುದು ಬೇಕು. ಮೂರಕ್ಕೂ ಉತ್ತರದೊಳಗೆ ಉತ್ತರವಿದೆ.

ಕ್ಷಮೆಯ ಮಾತನ್ನೂ ಗಮನಿಸಿ. ‘ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ’ ಎಂದು ಬರೆದಿಲ್ಲ. ಆ ‘ಆಗಿದ್ದರೆ’ ಎಂಬುದು ತಪ್ಪನ್ನು ಗಿರಾಕಿಯ ಮನಸ್ಸಿನ ಮೇಲೇ ಹೊರಿಸುತ್ತದೆ. ಒಪ್ಪಿಕೊಂಡದ್ದು ಬಿಲ್ ಪುಸ್ತಕ ಒಪ್ಪುವಷ್ಟನ್ನೇ. ಅಳತೆಯಲ್ಲಿ ತಪ್ಪಾಯಿತೆಂದು ಎಲ್ಲೂ ಇಲ್ಲ, ಸರಿಮಾಡಿಕೊಡುವ ದಾರಿ ಮಾತ್ರ ಇದೆ. ಟ್ರಯಲ್ ಇಟ್ಟಿದ್ದೇವೆ ಎಂದು ಬರೆಯಬೇಕಾದರೆ ನಿಜವಾಗಿ ಇಟ್ಟಿರಬೇಕು. ಇನ್ನೂ ಮಾಡದ ಬದಲಾವಣೆಯನ್ನು ಬರೆದರೆ ಮುಂದಿನ ರಿವ್ಯೂ ಬರೆಯುವವರು ಇದೇ ಉತ್ತರವನ್ನು ಎತ್ತಿ ತೋರಿಸುತ್ತಾರೆ. ಭಾಷೆಯೂ ರಿವ್ಯೂ ಬಂದ ಭಾಷೆಯೇ ಆಗಿರಲಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದವರಿಗೆ ಸರಳ ಕನ್ನಡದಲ್ಲೇ ಉತ್ತರಿಸಬಹುದು. ಎಲ್ಲ ದೂರುಗಳಿಗೂ ಒಂದೇ ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು’ ಅಂಟಿಸುವುದಕ್ಕಿಂತ ಸುಮ್ಮನಿರುವುದು ವಾಸಿ.

ಬಿಲ್ ಪುಸ್ತಕದಲ್ಲಿ ಅಂಥ ಗಿರಾಕಿಯೇ ಇಲ್ಲದಿದ್ದರೆ ದಾರಿ ಬೇರೆ. ರಿವ್ಯೂ ಪಕ್ಕದ ಮೂರು ಚುಕ್ಕೆ ಒತ್ತಿ ಗೂಗಲ್‌ಗೆ ದೂರು ಕೊಡಬಹುದು. ನಕಲಿ ರಿವ್ಯೂ, ಅಶ್ಲೀಲ ಬೈಗುಳ, ಪ್ರತಿಸ್ಪರ್ಧಿ ಬರೆಸಿದ್ದು, ಅಂಗಡಿಗೆ ಸಂಬಂಧವೇ ಇಲ್ಲದ ಮಾತು ನಿಯಮ ಮೀರಿದಂತೆ. ಆದರೆ ಕಟುವಾಗಿದೆ ಎಂಬ ಕಾರಣಕ್ಕೆ ಯಾವುದನ್ನೂ ಅವರು ತೆಗೆಯುವುದಿಲ್ಲ. ಗಿರಾಕಿ ಹೇಳುವುದು ಸರಿಯೋ ಅಂಗಡಿ ಹೇಳುವುದು ಸರಿಯೋ ಎಂಬ ಪಂಚಾಯಿತಿಗೂ ಇಳಿಯುವುದಿಲ್ಲ. ದೂರು ಕೊಟ್ಟ ಮೇಲೂ ಎರಡು ಸಾಲು ಬರೆದಿಡುವುದು ಒಳ್ಳೆಯದು: “ನೀವು ಹೇಳಿದ ಆರ್ಡರ್ ನಮ್ಮ ಪುಸ್ತಕದಲ್ಲಿ ಸಿಗಲಿಲ್ಲ. ಬಿಲ್ ನಂಬರನ್ನು ಅಂಗಡಿಯ ಫೋನಿಗೆ ಕಳಿಸಿದರೆ ಹುಡುಕಿ ನೋಡುತ್ತೇವೆ.” ಸುಳ್ಳು ಎಂಬ ಪದ ಬೇಡ. ಒಮ್ಮೊಮ್ಮೆ ಬಿಲ್ ಮಾಡಿಸುವವರು ಅಕ್ಕ, ರಿವ್ಯೂ ಬರೆಯುವವರು ತಂಗಿ. ಹೆಸರು ಸಿಗದಿರುವುದಕ್ಕೆ ಅಷ್ಟೇ ಕಾರಣವಿರುತ್ತದೆ.

ಒಂದು ಉತ್ತರಕ್ಕೆ ಗಿರಾಕಿ ಮತ್ತೆ ಸಿಟ್ಟಾಗಿ ರಿವ್ಯೂ ಬೆಳೆಸಿದರೆ ಅಲ್ಲಿ ವಾದ ಮುಂದುವರಿಸಬಾರದು. ಹೊಸ ಸಂಗತಿ ಇದ್ದರೆ ಮೊದಲಿನ ಉತ್ತರವನ್ನೇ ತಿದ್ದಬಹುದು, ಅದಕ್ಕೆ ಅವಕಾಶವಿದೆ. ಬ್ಲೌಸ್ ಸರಿಯಾಗಿ ಹೋದ ಮೇಲೆ ‘ತೋಳು ಸರಿಮಾಡಿ ಕೊಟ್ಟಿದ್ದೇವೆ’ ಎಂದು ಸೇರಿಸಿದರೆ ಸಾಕು. ಆದರೆ ತಡವಾಯಿತೆಂಬ ದೂರು ಅದೇ ಸೀಸನ್‌ನಲ್ಲಿ ಮೂರನೆಯ ಸಲ ಬಂದರೆ ಉತ್ತರ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ. ಇಬ್ಬರು ಹೊಲಿಯುವವರಿಂದ ವಾರಕ್ಕೆ ಎಷ್ಟು ಲೈನಿಂಗ್ ಬ್ಲೌಸ್ ಆಗುತ್ತದೆಂದು ಲೆಕ್ಕ ಹಾಕಿ, ಅದು ತುಂಬಿದ ಮೇಲೆ ಬಂದವರಿಗೆ ‘ಈ ವಾರ ಆಗುವುದಿಲ್ಲಮ್ಮ’ ಎಂದು ಬಾಗಿಲಲ್ಲೇ ಹೇಳಬೇಕಾಗುತ್ತದೆ.