ಎರಡು ವಯಸ್ಸು, ಒಂದೇ ಬಿಸಿಲು

ಜಪಾನಿನಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಬೆಳೆದ ಛಾಯಾಗ್ರಾಹಕಿ ಚಿನೋ ಒಟ್ಸುಕಾ ತನ್ನ ಬಾಲ್ಯದ ಫೋಟೋಗಳೊಳಗೆ ದೊಡ್ಡವಳಾದ ತನ್ನನ್ನೇ ತಂದು ನಿಲ್ಲಿಸಿದಳು. ಒಂದು ಚಿತ್ರದ ಹೆಸರಲ್ಲೇ 1976 ಮತ್ತು 2005 ಎರಡೂ ಇಸವಿಗಳಿವೆ. ಜೋಡಣೆ ಕಂಪ್ಯೂಟರಿನಲ್ಲಿ ನಡೆದದ್ದು. ಆದರೆ ಇಂಥ ಚಿತ್ರದ ಅರ್ಧ ಕೆಲಸ ಹೊಸ ಫೋಟೋ ತೆಗೆಯುವಾಗಲೇ ಮುಗಿದಿರಬೇಕು.

ಮೊದಲು ಕ್ಯಾಮೆರಾದ ಎತ್ತರ. ಸಮತಟ್ಟಾದ ಕಡಲತೀರದಲ್ಲಿ ದಿಗಂತದ ಗೆರೆ ಎಲ್ಲರನ್ನೂ ಕ್ಯಾಮೆರಾದ ಎತ್ತರದಲ್ಲೇ ಹಾಯುತ್ತದೆ. ಹಳೆಯ ಫೋಟೋದಲ್ಲಿ 100 ಸೆಂ.ಮೀ. ಎತ್ತರದ ಮಗುವಿನ ಕಾಲಿನಿಂದ ದಿಗಂತದವರೆಗಿನ ದೂರ ಮಗುವಿನ ಒಂದೂವರೆ ಪಟ್ಟು ಇದ್ದರೆ, ಕ್ಯಾಮೆರಾ 150 ಸೆಂ.ಮೀ. ಎತ್ತರದಲ್ಲಿತ್ತು. ಆಗ 160 ಸೆಂ.ಮೀ. ಎತ್ತರದ ಹೆಂಗಸು ಎಲ್ಲಿ ನಿಂತರೂ ಗೆರೆ ಆಕೆಯ ಕಣ್ಣಿನ ಮಟ್ಟದಲ್ಲೇ ಹೋಗಬೇಕು. ಎದೆಯ ಹತ್ತಿರ ಹೋದರೆ ಆಕೆ ರಾಕ್ಷಸಿಯಂತೆ ಕಾಣುತ್ತಾಳೆ.

ಬಿಸಿಲಿನ ದಿಕ್ಕನ್ನು ಮಗುವಿನ ನೆರಳು ಹೇಳುತ್ತದೆ. ಅದೇ ದಿಕ್ಕು, ಅದೇ ಇಳಿಜಾರು ಸಿಗುವ ಹೊತ್ತಿಗೆ ಕಾಯಬೇಕು. ತಪ್ಪಾಗಿ ಬಿದ್ದ ಮುಖದ ನೆರಳನ್ನು ಆಮೇಲೆ ತಿದ್ದುವುದು ಬಹಳ ಕಷ್ಟ. ಕೊನೆಗೆ ಹೊಸ ಆಕೃತಿಯನ್ನು ಸ್ವಲ್ಪ ಮಸುಕಾಗಿಸಿ, ಹಳೆಯ ಫಿಲ್ಮಿನ ಕಣಗಳನ್ನು ಸೇರಿಸಿ, ಅದರ ಕಪ್ಪನ್ನು ಮಗುವಿನ ಕೂದಲಿನ ಮಾಸಿದ ಕಪ್ಪಿಗೆ ಇಳಿಸಬೇಕು. ಗುಟ್ಟು ರಟ್ಟಾಗುವುದು ಹೆಚ್ಚಾಗಿ ಪಾದದ ಬಳಿ: ಕಾಲು ನೆಲಕ್ಕೆ ತಾಗುವಲ್ಲಿ ತೆಳು ಕಪ್ಪು ಗೆರೆ ಇಲ್ಲದಿದ್ದರೆ ಮನುಷ್ಯ ತೇಲುತ್ತಾನೆ.