ಖಾಲಿ ಕಾಲಂ ತುಂಬುವ ಚಪಲ

ಆನ್‌ಲೈನ್ ಅಂಗಡಿಯೊಂದರ ದತ್ತಾಂಶ ಪಟ್ಟಿಯಲ್ಲಿ ಒಂದು ಕುಕ್ಕರ್ ಇದೆಯೆನ್ನಿ: ಅಲ್ಯೂಮಿನಿಯಂ, 5 ಲೀಟರ್, ವಾರಂಟಿ 2 ವರ್ಷ. ಇಂಡಕ್ಷನ್ ಕಾಲಂ ಖಾಲಿ. ಇಷ್ಟನ್ನು ಕೊಟ್ಟು ವಿವರಣೆ ಬರೆಯಲು ಹೇಳಿದರೆ ಎಐ ಮಾದರಿ ‘ಇಂಡಕ್ಷನ್‌ಗೂ ಸೈ, 5 ವರ್ಷ ವಾರಂಟಿ’ ಎಂದು ಬರೆದುಬಿಡಬಹುದು. ಅದು ಓದಿ ಕಲಿತ ಜಾಹೀರಾತುಗಳಲ್ಲಿ ಇಂಥ ಮಾತು ಧಾರಾಳ.

ಹಾಗಾಗಿ ಕರಡಿನ ಒಂದೊಂದೇ ಹೇಳಿಕೆಯನ್ನು ಇನ್ನೊಂದು ಪ್ರೋಗ್ರಾಂ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಬರೀ ಅಂಕಿ ಹುಡುಕಿದರೆ ಸಾಲದು. 5 ಪಟ್ಟಿಯಲ್ಲಿ ಇದೆಯಲ್ಲ, ಲೀಟರ್ ಲೆಕ್ಕದಲ್ಲಿ! ಅಂಕಿ, ಅಳತೆ, ಕಾಲಂ ಮೂರೂ ಹೊಂದಬೇಕು. ಇಂಡಕ್ಷನ್ ಮಾತಿನಲ್ಲಿ ಅಂಕಿಯೇ ಇಲ್ಲ. ಅಲ್ಲಿ ಪದವನ್ನೇ ಹಿಡಿಯಬೇಕು: ಪದವಿದ್ದು ಕಾಲಂ ಖಾಲಿಯಿದ್ದರೆ ವಾಕ್ಯಕ್ಕೆ ಕತ್ತರಿ.

ಪಟ್ಟಿಯೇ ತಪ್ಪಿದ್ದರೆ ಈ ತಪಾಸಣೆಗೆ ಅದು ಕಾಣದು. ಕುಕ್ಕರ್ ಮನೆಗೆ ಬಂದೊಡನೆ ತಳಕ್ಕೆ ಅಯಸ್ಕಾಂತ ಅಂಟುತ್ತದೆಯೇ ನೋಡಿಕೊಳ್ಳಿ. ಬರೀ ಅಲ್ಯೂಮಿನಿಯಂ ತಳ ಸಾಮಾನ್ಯ ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ.